ಒಂದೇ ವಿಡಿಯೋ: ಫೋನಿಗೆ ಉದ್ದ, ದೊಡ್ಡ ಪರದೆಗೆ ಅಡ್ಡ

ಪ್ರಶ್ನೆ: ಸರ್, ನಮ್ಮ ದೊಡ್ಡಪ್ಪ ಕಿನ್ನಾಳದ ಗೊಂಬೆ ಮಾಡ್ತಾರೆ. ಅವರ ಕೆಲಸದ ಮೇಲೆ ಆರು ನಿಮಿಷದ ವಿಡಿಯೋ ಮಾಡಿದೀನಿ. ಐಫೋನ್‌ನಲ್ಲಿ ಅಡ್ಡ ಹಿಡಿದು 4ಕೆ 30ರಲ್ಲಿ ಶೂಟ್, ಡಾವಿಂಚಿ ರಿಸಾಲ್ವ್ ಉಚಿತ ಆವೃತ್ತಿಯಲ್ಲಿ ಎಡಿಟ್. ಯೂಟ್ಯೂಬ್‌ಗೆ 1080ರಲ್ಲಿ ಹಾಕಿದೆ, ಚೆನ್ನಾಗಿದೆ. ಅದೇ ಫೈಲನ್ನ ರೀಲ್ಸ್‌ಗೆ ಅಂತ 1080×1920 ಕೊಟ್ಟು ಎಕ್ಸ್‌ಪೋರ್ಟ್ ಮಾಡಿದ್ರೆ ಮೇಲೆ ಕೆಳಗೆ ಕಪ್ಪು ಪಟ್ಟಿ. ಜೂಮ್ ಮಾಡಿದ್ರೆ ಮಸುಕು, ಕೈ ಕಂಡ್ರೆ ಗೊಂಬೆ ಕಾಣಲ್ಲ. ಜಾತ್ರೆ ಟೈಮಲ್ಲಿ ಎಲ್‌ಇಡಿ ಪರದೆ ಮೇಲೂ ಹಾಕ್ತೀವಿ ಅಂದಿದ್ದಾರೆ. ಎಕ್ಸ್‌ಪೋರ್ಟ್ ಸೆಟ್ಟಿಂಗ್ ಏನು ಕೊಡಬೇಕು? — ಕೊಪ್ಪಳದ ಓದುಗ

ಉತ್ತರ: ಎಕ್ಸ್‌ಪೋರ್ಟ್ ಪುಟದಲ್ಲಿ ಏನು ಕೊಟ್ಟರೂ ಇದು ಸರಿಹೋಗುವುದಿಲ್ಲ. ಚಿತ್ರದ ಆಕಾರ ತೀರ್ಮಾನವಾಗುವುದು ಟೈಮ್‌ಲೈನ್‌ನಲ್ಲಿ. ಎಕ್ಸ್‌ಪೋರ್ಟ್ ಮಾಡುವಾಗ ಬರೀ ಅಳತೆ ಬದಲಿಸಿದರೆ, ಸಾಫ್ಟ್‌ವೇರ್ ನಿಮ್ಮ ಅಡ್ಡ ಚಿತ್ರವನ್ನು ಹಾಗೇ ಕುಗ್ಗಿಸಿ ಉದ್ದ ಚೌಕಟ್ಟಿನೊಳಗೆ ಕೂರಿಸುತ್ತದೆ. 1080 ಅಗಲಕ್ಕೆ ಕುಗ್ಗಿದ ಅಡ್ಡ ಚಿತ್ರದ ಎತ್ತರ ಸುಮಾರು 607 ಪಿಕ್ಸೆಲ್. ಉಳಿದ 1300ಕ್ಕೂ ಜಾಸ್ತಿ ಪಿಕ್ಸೆಲ್ ಎತ್ತರ ಕಪ್ಪು. ಅಂದರೆ ನೋಡುವವರ ಫೋನಿನಲ್ಲಿ ಮೂರರಲ್ಲಿ ಎರಡು ಪಾಲು ಖಾಲಿ.

ಮಸುಕಿಗೆ ಕಾರಣ ಬೇರೆ. ಯೂಟ್ಯೂಬ್‌ಗೆ ಮಾಡಿದ ಫೈಲ್ 1920×1080. ಅದರಿಂದ 9:16 ಆಕಾರದ ತುಂಡು ಕತ್ತರಿಸಿದರೆ ಸಿಗುವುದು 607×1080 ಮಾತ್ರ. ಅದನ್ನು 1080×1920ಕ್ಕೆ ಎಳೆಯಬೇಕೆಂದರೆ ಹೆಚ್ಚುಕಡಿಮೆ 1.8 ಪಟ್ಟು ಹಿಗ್ಗಿಸಬೇಕು. ಇಲ್ಲದ ವಿವರ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಅದು ಆಗಲೇ ಒಂದು ಸಲ ಕಂಪ್ರೆಸ್ ಆದ ಫೈಲ್. ನೀವು ಮತ್ತೊಮ್ಮೆ ಕಂಪ್ರೆಸ್ ಮಾಡುತ್ತೀರಿ, ಇನ್‌ಸ್ಟಾಗ್ರಾಮ್ ಮೂರನೇ ಸಲ ಮಾಡುತ್ತದೆ. ಕುಂಚದ ಎಳೆ, ಸಣ್ಣ ಚುಕ್ಕಿ ಎಲ್ಲಾ ಅಲ್ಲೇ ಹೋಗುತ್ತವೆ.

ಒಳ್ಳೆಯ ಸುದ್ದಿ ಏನೆಂದರೆ ನಿಮ್ಮ ಮೂಲ ಶೂಟ್ 4ಕೆ. 3840×2160ರಿಂದ ಅದೇ 9:16 ತುಂಡು ಕತ್ತರಿಸಿದರೆ 1215×2160 ಸಿಗುತ್ತದೆ. ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಇದೆ. ಹಾಗಾಗಿ ಎಕ್ಸ್‌ಪೋರ್ಟ್ ಆದ ಫೈಲನ್ನು ಮತ್ತೆ ಒಳಗೆ ತರಬೇಡಿ. ಮೂಲ ಕ್ಲಿಪ್‌ಗಳಿರುವ ಪ್ರಾಜೆಕ್ಟನ್ನೇ ತೆರೆಯಿರಿ.

ಮೀಡಿಯಾ ಪೂಲ್‌ನಲ್ಲಿ ಈಗಿರುವ ಟೈಮ್‌ಲೈನ್‌ನ ನಕಲು ಮಾಡಿ, ಹೆಸರು ಬದಲಿಸಿ. ನಕಲಿನ ಮೇಲೆ ರೈಟ್ ಕ್ಲಿಕ್ ಮಾಡಿ `Timeline Settings` ತೆರೆದು, `Use Project Settings` ಎಂಬ ಟಿಕ್ ತೆಗೆಯಿರಿ. ಆಗ ಅಳತೆ ಬದಲಿಸಲು ಬಿಡುತ್ತದೆ. 1080×1920 ಕೊಡಿ. ಅದೇ ಕಿಟಕಿಯಲ್ಲಿ ಅಳತೆ ಹೊಂದದ ಕ್ಲಿಪ್‌ಗಳನ್ನು ಏನು ಮಾಡಬೇಕು ಎಂಬ ಆಯ್ಕೆ ಇದೆ. ಅಲ್ಲಿ `Scale full frame with crop` ಆರಿಸಿ. ಕಪ್ಪು ಪಟ್ಟಿ ಹೋಗಿ, ಪ್ರತಿ ಕ್ಲಿಪ್‌ನ ನಡುಭಾಗ ಪೂರ್ತಿ ಪರದೆ ತುಂಬುತ್ತದೆ. ಫ್ರೇಮ್ ರೇಟ್ ಮುಟ್ಟಬೇಡಿ. ಶೂಟ್ 30 ಇದ್ದರೆ ಎರಡೂ ಟೈಮ್‌ಲೈನ್ 30 ಇರಲಿ. 25 ಅಥವಾ 24ಕ್ಕೆ ಇಳಿಸಿದರೆ ಕೈ ಓಡಾಡುವ ಶಾಟ್‌ಗಳಲ್ಲಿ ಸಣ್ಣ ಜರ್ಕ್ ಬರುತ್ತದೆ.

ಇಲ್ಲಿಗೆ ಯಂತ್ರದ ಕೆಲಸ ಮುಗಿಯಿತು. ಮುಂದಿನದು ನಿಮ್ಮ ಕಣ್ಣಿನ ಕೆಲಸ. ಹೆಚ್ಚಿನವರು ಬಿಡುವುದೂ ಇಲ್ಲೇ.

ಉದ್ದ ಚೌಕಟ್ಟಿನಲ್ಲಿ ನಿಮ್ಮ ಅಡ್ಡ ಚಿತ್ರದ ಮೂರನೇ ಒಂದು ಪಾಲೂ ಉಳಿಯುವುದಿಲ್ಲ. ಆ ಒಂದು ಪಾಲು ಯಾವುದು ಎಂದು ಶಾಟ್ ಶಾಟ್‌ಗೂ ನೀವೇ ಹೇಳಬೇಕು. ಇನ್‌ಸ್ಪೆಕ್ಟರ್‌ನಲ್ಲಿ `Position X` ಬದಲಿಸಿದರೆ ಚಿತ್ರ ಎಡ ಬಲಕ್ಕೆ ಸರಿಯುತ್ತದೆ. ಎಷ್ಟು ಸರಿಸಬಹುದು ಎಂಬುದಕ್ಕೆ ಲೆಕ್ಕ ಇದೆ. 4ಕೆ ಚಿತ್ರವನ್ನು 1920 ಎತ್ತರಕ್ಕೆ ಇಳಿಸಿದಾಗ ಅದರ ಅಗಲ ಸುಮಾರು 3413. ಅದರಲ್ಲಿ 1080 ಪರದೆಯಲ್ಲಿ ಕಾಣುತ್ತದೆ, ಉಳಿದದ್ದು ಎರಡೂ ಕಡೆ ಸಮನಾಗಿ 1166ರಷ್ಟು ಹೊರಗಿರುತ್ತದೆ. ಹಾಗಾಗಿ `Position X` -1166ರಿಂದ 1166ರವರೆಗೆ ಹೋಗಬಹುದು. ದಾಟಿದರೆ ಪಕ್ಕದಲ್ಲಿ ಕಪ್ಪು ಕಾಣುತ್ತದೆ.

ಒಂದು ಶಾಟ್ ತೆಗೆದುಕೊಳ್ಳೋಣ. ದೊಡ್ಡಪ್ಪ ಹುಣಸೆ ಬೀಜದ ಅಂಟು ಮತ್ತು ಮರದ ಹೊಟ್ಟು ಸೇರಿಸಿದ ಕಿಟ್ಟವನ್ನು ಗೊಂಬೆಯ ಮೇಲೆ ಮೆತ್ತುತ್ತಿದ್ದಾರೆ ಅಂದುಕೊಳ್ಳಿ. ಕೈ, ಗೊಂಬೆ ಎರಡೂ ಅಡ್ಡ ಚಿತ್ರದ ಎಡದಿಂದ ಮೂರನೇ ಒಂದು ಭಾಗದ ಹತ್ತಿರ ಇವೆ. ನಡುಭಾಗ ಕತ್ತರಿಸಿದರೆ ಇವು ಹೊರಗೆ ಹೋಗಿ, ಹಿಂದಿನ ಗೋಡೆ ಮಾತ್ರ ಕಾಣುತ್ತದೆ. 3413ರಲ್ಲಿ ಮೂರನೇ ಒಂದು ಅಂದರೆ 1138. ನಡು ಇರುವುದು 1707ರಲ್ಲಿ. ವ್ಯತ್ಯಾಸ 569. `Position X`ಗೆ 569 ಕೊಟ್ಟರೆ ಚಿತ್ರ ಬಲಕ್ಕೆ ಸರಿದು ಕೈ ನಡುವಿಗೆ ಬರುತ್ತದೆ. ಲೆಕ್ಕ ಹಾಕದೆ ಮೌಸ್‌ನಿಂದ ಎಳೆದರೂ ಆಗುತ್ತದೆ. ಆದರೆ ಒಂದೇ ಜಾಗದಲ್ಲಿ ಟ್ರೈಪಾಡ್ ಇಟ್ಟು ತೆಗೆದ ಎಂಟು ಹತ್ತು ಶಾಟ್ ಇದ್ದರೆ, ಒಂದಕ್ಕೆ ಕೊಟ್ಟ ಸಂಖ್ಯೆಯನ್ನೇ ಎಲ್ಲದಕ್ಕೂ ಅಂಟಿಸಿ. ಕಟ್ ಆದಾಗ ಗೊಂಬೆ ಅಲ್ಲಿ ಇಲ್ಲಿ ಜಿಗಿಯುವುದಿಲ್ಲ.

ಕೈ ಬಣ್ಣದ ಬಟ್ಟಲಿಗೂ ಗೊಂಬೆಗೂ ಓಡಾಡುತ್ತಿದ್ದರೆ ಚೌಕಟ್ಟೂ ಅದರ ಹಿಂದೆ ಓಡಬೇಕು ಅನಿಸುತ್ತದೆ. ಓಡಿಸಬೇಡಿ. ಕೀಫ್ರೇಮ್ ಹಾಕಿ ಪ್ರತಿ ಸಲ ಹಿಂಬಾಲಿಸಿದರೆ ಸಣ್ಣ ಪರದೆಯಲ್ಲಿ ತಲೆ ತಿರುಗಿದ ಹಾಗಾಗುತ್ತದೆ. ಗೊಂಬೆಯ ಮೇಲೆ ಚೌಕಟ್ಟು ನಿಲ್ಲಿಸಿ. ಕೈ ಹೊರಗೆ ಹೋಗಿ ಬಣ್ಣ ಅದ್ದಿಕೊಂಡು ಒಳಗೆ ಬರಲಿ. ನೋಡುವವರಿಗೆ ಅರ್ಥವಾಗುತ್ತದೆ. ಬಟ್ಟಲೇ ಮುಖ್ಯವಾದ ಶಾಟ್‌ನಲ್ಲಿ ಅದೇ ಕ್ಲಿಪ್ಪನ್ನು ಎರಡು ತುಂಡು ಮಾಡಿ, ಮೊದಲ ತುಂಡಿನಲ್ಲಿ ಬಟ್ಟಲು, ಎರಡನೆಯದರಲ್ಲಿ ಗೊಂಬೆ ತೋರಿಸಿ. ಅಡ್ಡ ಪರದೆಯಲ್ಲಿ ಒಂದೇ ಶಾಟ್ ಆಗಿದ್ದದ್ದು ಫೋನಿನಲ್ಲಿ ಎರಡು ಶಾಟ್ ಆಗುತ್ತದೆ, ಅಷ್ಟೇ.

ಕೆಲವು ಶಾಟ್ ಇದಕ್ಕೂ ಬಗ್ಗುವುದಿಲ್ಲ. ಎಡಕ್ಕೆ ದೊಡ್ಡಪ್ಪನ ಮುಖ, ಬಲಕ್ಕೆ ಕೆತ್ತುತ್ತಿರುವ ಗೊಂಬೆ, ಎರಡೂ ಒಟ್ಟಿಗೆ ಬೇಕು ಅಂದಾಗ ಪರದೆಯನ್ನು ಮೇಲೆ ಕೆಳಗೆ ಎರಡು ಭಾಗ ಮಾಡಿ. ಅದೇ ಕ್ಲಿಪ್ಪನ್ನು ಎರಡು ಟ್ರ್ಯಾಕ್‌ನಲ್ಲಿ ಇಟ್ಟು, ಮೇಲಿನದರಲ್ಲಿ ಮುಖ, ಕೆಳಗಿನದರಲ್ಲಿ ಗೊಂಬೆ. ಪ್ರತಿ ಭಾಗ 1080×960. ಇದು ಹೆಚ್ಚುಕಡಿಮೆ ಚೌಕ. ಹಾಗಾಗಿ ಪೂರ್ತಿ ಎತ್ತರ ಇಟ್ಟುಕೊಂಡರೂ 3840 ಅಗಲದಲ್ಲಿ 2430ರಷ್ಟು ಒಳಗೆ ಹಿಡಿಸುತ್ತದೆ. ಉದ್ದ ತುಂಡಿನ ಎರಡರಷ್ಟು. ಬೇಕಿದ್ದರೆ ಇನ್ನೂ ಒಳಕ್ಕೆ ಹೋಗಿ 1080×960ರವರೆಗೆ ಕತ್ತರಿಸಿದರೂ ಮಸುಕಾಗುವುದಿಲ್ಲ. ಕೈಕೆಲಸದ ವಿಡಿಯೋಗೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ಹಿಂದೆ ಅದೇ ಚಿತ್ರವನ್ನು ಮಬ್ಬು ಮಾಡಿ, ನಡುವೆ ಅಡ್ಡ ಚಿತ್ರ ಇಡುವ ರೂಢಿ ತುಂಬಾ ಇದೆ. ನನಗೆ ಅದು ಇಷ್ಟವಿಲ್ಲ. ನೋಡಬೇಕಾದ ಗೊಂಬೆ ಬೆರಳಗಲ ಆಗಿ, ಮಬ್ಬು ಬಣ್ಣ ಪರದೆ ತುಂಬುತ್ತದೆ. ಸಾಲಾಗಿ ಇಟ್ಟ ಗೊಂಬೆಗಳ ಶಾಟ್‌ನಂಥ ಒಂದೆರಡಕ್ಕೆ ಬೇರೆ ದಾರಿ ಇಲ್ಲದಿದ್ದರೆ, 1080×1080 ಚೌಕ ಮಾಡಿ ಒಂದೇ ಗಾಢ ಬಣ್ಣದ ಮೇಲೆ ಇಡಿ. ಖಾಲಿ ಜಾಗದಲ್ಲಿ ಹೆಸರು ಬರೆಯಿರಿ.

ಈಗ ಅಕ್ಷರ. ಅಡ್ಡ ವಿಡಿಯೋದಲ್ಲಿ ಹೆಸರು, ಸಬ್‌ಟೈಟಲ್ ಕೆಳಗೆ ಇರುತ್ತವೆ. ರೀಲ್ಸ್‌ನಲ್ಲಿ ಆ ಜಾಗದಲ್ಲೇ ಖಾತೆಯ ಹೆಸರು, ವಿವರಣೆ, ಬಲಕ್ಕೆ ಲೈಕ್ ಶೇರ್ ಗುಂಡಿಗಳು ಬಂದು ಕೂರುತ್ತವೆ. ಮೆಟಾ ಕಂಪನಿ ರೀಲ್ಸ್ ಜಾಹೀರಾತು ಮಾಡುವವರಿಗೆ ಕೊಡುವ ಅಳತೆ ಹೀಗಿದೆ: ಮೇಲೆ 14%, ಕೆಳಗೆ 35%, ಪಕ್ಕಗಳಲ್ಲಿ 6% ಜಾಗದಲ್ಲಿ ಮುಖ್ಯವಾದದ್ದು ಏನೂ ಬೇಡ. 1080×1920ಕ್ಕೆ ಲೆಕ್ಕ ಹಾಕಿದರೆ ಮೇಲೆ 270, ಕೆಳಗೆ 670, ಪಕ್ಕಕ್ಕೆ 65 ಪಿಕ್ಸೆಲ್. ಸಾಮಾನ್ಯ ರೀಲ್‌ಗೆ ಇಷ್ಟು ಬಿಗಿ ಬೇಕಿಲ್ಲ, ಆದರೆ ಇದನ್ನು ಪಾಲಿಸಿದರೆ ಶಾರ್ಟ್ಸ್‌ನಲ್ಲೂ ತೊಂದರೆ ಬರುವುದಿಲ್ಲ. ಚಿತ್ರ ಪೂರ್ತಿ ಪರದೆ ತುಂಬಿರಲಿ. ಅಕ್ಷರ ಮತ್ತು ಮುಖ ಮಾತ್ರ ಈ ಒಳಗಿನ ಜಾಗದಲ್ಲಿರಲಿ. ಅಡ್ಡ ಟೈಮ್‌ಲೈನ್‌ನಿಂದ ನಕಲಾಗಿ ಬಂದ ಟೈಟಲ್‌ಗಳನ್ನು ಸರಿಸುವ ಬದಲು ಅಳಿಸಿ ಹೊಸದಾಗಿ ಬರೆಯುವುದೇ ಸುಲಭ. ಅಡ್ಡ ಪರದೆಯಲ್ಲಿ ಒಂದು ಸಾಲಿನಲ್ಲಿದ್ದದ್ದು ಇಲ್ಲಿ ಎರಡು ಸಾಲು ಬೇಡುತ್ತದೆ.

ಕನ್ನಡದ ಅಕ್ಷರಕ್ಕೆ ಇನ್ನೂ ಎರಡು ಮಾತು. ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತ ಮೇಲೆ ಏರುತ್ತದೆ. ಹಾಗಾಗಿ ಎರಡು ಸಾಲು ಬರೆದಾಗ ಸಾಲಿನ ನಡುವಿನ ಅಂತರ ಜಾಸ್ತಿ ಮಾಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಇನ್ನೊಂದು, ಬರೆದ ಕೂಡಲೇ "ಕೊಪ್ಪಳ", "ಕಿನ್ನಾಳ" ಎಂಬ ಪದಗಳನ್ನೇ ನೋಡಿ. ಒತ್ತು ತನ್ನ ಜಾಗ ಬಿಟ್ಟು ಪಕ್ಕಕ್ಕೆ ಬಿದ್ದಿದ್ದರೆ ಆ ಟೈಟಲ್ ಉಪಕರಣ ಕನ್ನಡವನ್ನು ಸರಿಯಾಗಿ ಜೋಡಿಸುತ್ತಿಲ್ಲ ಎಂದರ್ಥ. ಅದರ ಜೊತೆ ಗುದ್ದಾಡಬೇಡಿ. ಸರಿಯಾಗಿ ತೋರಿಸುವ ಬೇರೆ ಸಾಫ್ಟ್‌ವೇರ್‌ನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಟೈಮ್‌ಲೈನ್ ಮೇಲೆ ಇಡಿ. ಸಣಕಲು ಅಕ್ಷರ ಬೇಡ. ಕಂಪ್ರೆಸ್ ಆದ ಮೇಲೆ ತೆಳು ಗೆರೆಗಳೇ ಮೊದಲು ಒಡೆಯುವುದು.

ಎಕ್ಸ್‌ಪೋರ್ಟ್‌ಗೆ ಮುಂಚೆ ಬಣ್ಣ ಒಂದು ಸಲ ನೋಡಿ. ಹೊಸ ಐಫೋನ್‌ಗಳು ಎಚ್‌ಡಿಆರ್‌ನಲ್ಲಿ ಶೂಟ್ ಮಾಡುತ್ತವೆ. ಅದನ್ನು ಮಾಮೂಲಿ ಟೈಮ್‌ಲೈನ್‌ನಲ್ಲಿ ಹಾಗೇ ಬಳಸಿದರೆ ಗೊಂಬೆಯ ಕೆಂಪು, ಹಳದಿ ಪೇಲವವಾಗಬಹುದು ಅಥವಾ ಬೆಳಕಿನ ಜಾಗ ಬಿಳಿಚಿಕೊಳ್ಳಬಹುದು. ಅನುಮಾನ ಇದ್ದರೆ ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮೂಲ ಕ್ಲಿಪ್ ತೆರೆಯಿರಿ. `HDR format` ಎಂಬ ಸಾಲು ಕಂಡರೆ ಎಚ್‌ಡಿಆರ್. ಆಗ ಆ ಕ್ಲಿಪ್‌ಗಳನ್ನು ಮಾಮೂಲಿ ಪರದೆಗಳ ಬಣ್ಣದ ಮಾನಕವಾದ `Rec.709`ಗೆ ಬದಲಿಸಿಕೊಳ್ಳಬೇಕು. ರಿಸಾಲ್ವ್‌ನಲ್ಲಿ ಇದಕ್ಕೆ `Color Space Transform` ಇದೆ. ಐಫೋನ್ ಕ್ಲಿಪ್‌ಗೆ ಒಳಬರುವ ಬಣ್ಣ `Rec.2020`, ಗಾಮಾ `Rec.2100 HLG` ಎಂದು ಕೊಡಿ. ಮುಂದಿನ ಶೂಟ್‌ಗೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ `HDR Video` ಆಫ್ ಮಾಡಿಬಿಡಿ, ಈ ತಲೆನೋವೇ ಇರುವುದಿಲ್ಲ.

ಇಷ್ಟಾದ ಮೇಲೆ ನೀವು ಕೇಳಿದ ಸೆಟ್ಟಿಂಗ್. ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಫಾರ್ಮ್ಯಾಟ್ ಎಂಪಿ4, ಕೋಡೆಕ್ `H.264`, ಫ್ರೇಮ್ ರೇಟ್ 30, ಆಡಿಯೋ `AAC`, 48000 ಹರ್ಟ್ಜ್. ಬದಲಾಗುವುದು ಅಳತೆ ಮತ್ತು ಬಿಟ್‌ರೇಟ್. ಉದ್ದ ವಿಡಿಯೋಗೆ 1080×1920, `Restrict to` ಎಂಬಲ್ಲಿ 15000, ಅಂದರೆ 15 ಎಂಬಿಪಿಎಸ್. ಯೂಟ್ಯೂಬ್ 1080ಕ್ಕೆ 30 ಫ್ರೇಮ್‌ನಲ್ಲಿ 8 ಎಂಬಿಪಿಎಸ್ ಸಾಕು ಅನ್ನುತ್ತದೆ. ಆದರೆ ನೀವು ಕೊಟ್ಟದ್ದನ್ನು ಅವರು ಮತ್ತೆ ಕಂಪ್ರೆಸ್ ಮಾಡುತ್ತಾರೆ, ಅದಕ್ಕೇ ಸ್ವಲ್ಪ ಧಾರಾಳವಾಗಿ ಕೊಡುವುದು. ಒಂದು ನಿಮಿಷದ ರೀಲ್ ಆಗ 110 ಎಂಬಿ ಆಸುಪಾಸು ಬರುತ್ತದೆ. ಇದನ್ನು 50000ಕ್ಕೆ ಏರಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ ಅಂದುಕೊಳ್ಳಬೇಡಿ. ಫೈಲ್ ದಪ್ಪ ಆಗುತ್ತದೆ, ನೋಡುವವರಿಗೆ ಬರುವ ಚಿತ್ರ ಅದೇ.

ಅಡ್ಡ ವಿಡಿಯೋವನ್ನು ಯೂಟ್ಯೂಬ್‌ಗೆ ಈ ಸಲ 4ಕೆಯಲ್ಲೇ ಕೊಡಿ ಎಂಬುದು ನನ್ನ ಸಲಹೆ. 3840×2160, 40000. ಆರು ನಿಮಿಷಕ್ಕೆ 1.8 ಜಿಬಿ ಆಗುತ್ತದೆ. ದಿನಕ್ಕೆ ಇಷ್ಟೇ ಡೇಟಾ ಎಂಬ ಪ್ಯಾಕ್‌ನಲ್ಲಿ ಅಪ್‌ಲೋಡ್ ಮಾಡುವುದಾದರೆ ಕಷ್ಟ. ಆಗ 1920×1080, 12000 ಕೊಟ್ಟರೆ 540 ಎಂಬಿಯಲ್ಲಿ ಮುಗಿಯುತ್ತದೆ.

ಕಂಪ್ಯೂಟರ್‌ನಿಂದ ಫೋನಿಗೆ ರೀಲ್ ಕಳಿಸುವಾಗ ವಾಟ್ಸಾಪ್‌ನಲ್ಲಿ ವಿಡಿಯೋ ಆಗಿ ಹಾಕಬೇಡಿ. ಅಲ್ಲೇ ಅರ್ಧ ಗುಣಮಟ್ಟ ಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಕೇಬಲ್ ಹಾಕಿ ಕಾಪಿ ಮಾಡಿ. ಇನ್‌ಸ್ಟಾಗ್ರಾಮ್ ಸೆಟ್ಟಿಂಗ್‌ನಲ್ಲಿ `Upload at highest quality` ಆನ್ ಇದೆಯಾ ನೋಡಿಕೊಳ್ಳಿ. ಶಾರ್ಟ್ಸ್‌ಗೆ 3 ನಿಮಿಷದವರೆಗೆ ಮಾತ್ರ ಅವಕಾಶ. ಆರು ನಿಮಿಷವನ್ನು ಹೇಗೂ ಕತ್ತರಿಸಲೇಬೇಕು. ಕಿಟ್ಟ ಮೆತ್ತುವುದು ಒಂದು, ಬಣ್ಣ ಹಚ್ಚುವುದು ಒಂದು ಎಂದು ಬೇರೆ ಬೇರೆ ಮಾಡಿದರೆ ಒಂದೊಂದೂ ಪೂರ್ತಿ ಅನಿಸುತ್ತದೆ.

ಕೊನೆಗೆ ಜಾತ್ರೆಯ ಎಲ್‌ಇಡಿ ಪರದೆ. ಅದು ಅಡ್ಡ ಇದೆ ಎಂದ ಮಾತ್ರಕ್ಕೆ 16:9 ಎಂದು ತಿಳಿಯಬೇಡಿ. ಬಾಡಿಗೆ ಪರದೆಗಳನ್ನು ಸಣ್ಣ ಪ್ಯಾನೆಲ್ ಜೋಡಿಸಿ ಕಟ್ಟುತ್ತಾರೆ. ಅರ್ಧ ಮೀಟರ್ ಚೌಕದ, ಪಿಕ್ಸೆಲ್‌ನಿಂದ ಪಿಕ್ಸೆಲ್‌ಗೆ 3.91 ಮಿಲಿಮೀಟರ್ ಅಂತರ ಇರುವ ಪಿ3.91 ಪ್ಯಾನೆಲ್‌ನಲ್ಲಿ 128×128 ಪಿಕ್ಸೆಲ್ ಇರುತ್ತವೆ. ಅಡ್ಡಕ್ಕೆ ಎಂಟು, ಎತ್ತರಕ್ಕೆ ನಾಲ್ಕು ಕಟ್ಟಿದರೆ 4 ಮೀಟರ್ ಅಗಲ, 2 ಮೀಟರ್ ಎತ್ತರ. ನೋಡಲು ಭಾರೀ ದೊಡ್ಡದು, ಆದರೆ ಪಿಕ್ಸೆಲ್ ಲೆಕ್ಕದಲ್ಲಿ ಬರೀ 1024×512. ಅಂದರೆ 4ಕೆ ಫೈಲ್ ಕೊಟ್ಟು ಪ್ರಯೋಜನ ಇಲ್ಲ, ಆಪರೇಟರ್‌ನ ಲ್ಯಾಪ್‌ಟಾಪ್ ತಡವರಿಸಬಹುದು ಅಷ್ಟೇ. 1920×1080 ಸಾಕೋ ಸಾಕು. ಸಣ್ಣ ಸಬ್‌ಟೈಟಲ್ ಅಲ್ಲಿ ಓದಲು ಬರುವುದಿಲ್ಲ. ಅದಕ್ಕೆ ಅಕ್ಷರ ದೊಡ್ಡದು ಮಾಡಿದ ಪ್ರತಿ ಬೇರೆ ಇರಲಿ.

ಆಕಾರ 2:1 ಆದ್ದರಿಂದ ನಿಮ್ಮ 16:9 ಚಿತ್ರಕ್ಕೆ ಮೂರು ಗತಿ ಇದೆ. ಪಕ್ಕಗಳಲ್ಲಿ ಕಪ್ಪು ಬಿಡಬಹುದು, ಮೇಲೆ ಕೆಳಗೆ ಕತ್ತರಿಸಬಹುದು, ಇಲ್ಲವೇ ಎಳೆದು ತುಂಬಿಸಬಹುದು. ಎಳೆದು ತುಂಬಿಸಿದರೆ ದೊಡ್ಡಪ್ಪ ದಪ್ಪ ಕಾಣುತ್ತಾರೆ, ಗೊಂಬೆಯ ದುಂಡು ಮುಖ ಚಪ್ಪಟೆಯಾಗುತ್ತದೆ. ಯಾರೂ ಕೇಳದಿದ್ದರೆ ಆಗುವುದು ಹೆಚ್ಚಾಗಿ ಇದೇ. ಕತ್ತರಿಸುವುದು ಮೇಲು: 1080 ಎತ್ತರದಲ್ಲಿ ಮೇಲೆ 60, ಕೆಳಗೆ 60 ಪಿಕ್ಸೆಲ್ ಹೋಗುತ್ತದೆ, ಅಷ್ಟೇ. ಆಪರೇಟರ್‌ಗೆ ಮೊದಲೇ ಫೋನ್ ಮಾಡಿ "ಅಣ್ಣ, ಸ್ಕ್ರೀನ್ ಎಷ್ಟು ಪಿಕ್ಸೆಲ್?" ಎಂದು ಕೇಳಿ. ಎಷ್ಟು ಅಡಿ ಎಂದು ಕೇಳಿದರೆ ಆಕಾರ ಮಾತ್ರ ತಿಳಿಯುತ್ತದೆ. ಪಿಕ್ಸೆಲ್ ತಿಳಿದರೆ ಮೂರನೇ ಟೈಮ್‌ಲೈನ್ ಮಾಡಿ, 1920×960 ಕೊಟ್ಟು, ಏನು ಕತ್ತರಿಸಬೇಕು ಎಂಬುದನ್ನು ನೀವೇ ತೀರ್ಮಾನಿಸಬಹುದು.

ಜೊತೆಗೆ ಹತ್ತು ಸೆಕೆಂಡಿನ ಒಂದು ಪರೀಕ್ಷೆಯ ಫೈಲ್ ಅದೇ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಬೂದು ಹಿನ್ನೆಲೆ, ನಾಲ್ಕೂ ಅಂಚಿಗೆ ದಪ್ಪ ಬಿಳಿ ಗೆರೆ, ನಡುವೆ ಒಂದು ಸರಿಯಾದ ವೃತ್ತ, ಕೆಳಗೆ ನಿಮ್ಮ ಸಬ್‌ಟೈಟಲ್‌ನ ಒಂದು ಸಾಲು. ಸಂಜೆ ಜನ ಸೇರುವ ಮುಂಚೆ ಅದನ್ನು ಹಾಕಿಸಿ. ಒಂದು ಕಡೆಯ ಗೆರೆ ಕಾಣದಿದ್ದರೆ ಅಲ್ಲಿ ಚಿತ್ರ ಕತ್ತರಿಸುತ್ತಿದೆ. ವೃತ್ತ ಮೊಟ್ಟೆಯಾಗಿದ್ದರೆ ಎಳೆದು ತುಂಬಿಸಿದ್ದಾರೆ. ಜನ ನಿಲ್ಲುವ ಕೊನೆಯ ಸಾಲಿನ ತನಕ ನಡೆದು ಹೋಗಿ ಆ ಸಾಲು ಓದಲು ಬರುತ್ತದಾ ನೋಡಿ. ತೊಂದರೆ ಕಂಡರೆ ಆಪರೇಟರ್ ತನ್ನ ಸಾಫ್ಟ್‌ವೇರ್‌ನಲ್ಲಿ ಸ್ಕೇಲ್ ಬದಲಿಸಿ ಅಲ್ಲೇ ಸರಿ ಮಾಡಿಕೊಡುತ್ತಾರೆ.